ಕಿಲೋಮೀಟರಿಗೆ ನಿಜವಾಗಿ ಉಳಿಯುವುದೆಷ್ಟು: ನನ್ನ ಟ್ಯಾಕ್ಸಿ ಡೈರಿಯ ಲೆಕ್ಕ

ಕಲಬುರಗಿಯ ನಮ್ಮ ಸ್ಟ್ಯಾಂಡಿನಲ್ಲಿ ಯಾರನ್ನೇ ಕೇಳಿ, ಒಂದೇ ಲೆಕ್ಕ ಹೇಳುತ್ತಾರೆ. ಬಾಡಿಗೆ ಕಿಲೋಮೀಟರಿಗೆ 13, ಡೀಸೆಲ್ 5, ಉಳಿಯುವುದು 8. ಹಾಗಿದ್ದರೆ ತಿಂಗಳಿಗೆ ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದವನ ಕೈಯಲ್ಲಿ 32 ಸಾವಿರ ಇರಬೇಕು ಅಲ್ವಾ? ಇರುವುದಿಲ್ಲ. ಕಂತಿನ ತಾರೀಖು ಬಂದಾಗ ಪಕ್ಕದವನ ಹತ್ತಿರ ಕೈಗಡ ಕೇಳುತ್ತಾರೆ. ದುಡ್ಡು ಎಲ್ಲಿ ಹೋಯಿತು ಎಂದು ಹುಡುಕಿ ತೆಗೆಯಬೇಕು ಅಂತಲೇ ನಾನು ದಿನದ ಡೈರಿ ಶುರು ಮಾಡಿದೆ. ಆಗ ಸ್ಟ್ಯಾಂಡಿನ ಹಿರಿಯರೊಬ್ಬರು, "ತಮ್ಮಾ, ಬರಕೋತ ಕೂತ್ರ ಗಾಡಿ ಓಡ್ತದೇನೋ?" ಅಂದಿದ್ದರು. ಈಗ ಅವರ ಮಗನ ಡೈರಿಯನ್ನೂ ನಾನೇ ನೋಡಿಕೊಡುತ್ತೇನೆ.

ಮೊದಲು ಆ್ಯಪಿನ ಟ್ರಿಪ್ ಪಟ್ಟಿ ತೆಗೆದು ಕೂಡಿಸಿ ನೋಡಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. ಅದರಲ್ಲಿ ಗಿರಾಕಿ ಕೂತಿದ್ದ ಕಿಲೋಮೀಟರ್ ಮಾತ್ರ ಇರುತ್ತದೆ. ಏರ್‌ಪೋರ್ಟಿಗೆ ಬಿಟ್ಟು ಖಾಲಿ ಬಂದದ್ದು, ಗಿರಾಕಿ ಮನೆ ಹುಡುಕಿಕೊಂಡು ಹೋದದ್ದು, ಗ್ಯಾರೇಜಿಗೆ ಹೋದದ್ದು, ಇದ್ಯಾವುದೂ ಇರುವುದಿಲ್ಲ. ಆದರೆ ಡೀಸೆಲ್ಲೂ ಟೈರೂ ಖಾಲಿ ಓಟಕ್ಕೂ ಅಷ್ಟೇ ಸವೆಯುತ್ತವೆ. ಆಮೇಲೆ ಬರೀ ಬಿಲ್ಲುಗಳನ್ನು ಒಂದು ಚೀಲದಲ್ಲಿ ಹಾಕಿಟ್ಟು ತಿಂಗಳ ಕೊನೆಗೆ ಕೂಡಿಸುವುದನ್ನೂ ಮಾಡಿ ನೋಡಿದೆ. ಒಂದು ತಿಂಗಳು ಭಾರೀ ಲಾಭ ತೋರಿಸಿತು, ಮುಂದಿನ ತಿಂಗಳು ಟೈರ್ ಹಾಕಿಸಿದಾಗ ಭಾರೀ ನಷ್ಟ. ಎರಡೂ ಸುಳ್ಳು.

ಕೊನೆಗೆ ಕೈ ಹಿಡಿದದ್ದು ಇದು. ದಿನಕ್ಕೊಂದು ಸಾಲು. ತಾರೀಖು, ಬೆಳಗಿನ ಮೀಟರ್ ರೀಡಿಂಗ್, ರಾತ್ರಿಯ ಮೀಟರ್ ರೀಡಿಂಗ್, ಗಿರಾಕಿ ಇದ್ದ ಕಿಲೋಮೀಟರ್, ಕಮಿಷನ್ ಕಳೆದು ಕೈಗೆ ಬಂದ ದುಡ್ಡು. ಟೋಲ್ ಮತ್ತು ಪಾರ್ಕಿಂಗ್ ಗಿರಾಕಿ ಕೊಡುವುದರಿಂದ ಅದನ್ನು ಒಳಗೂ ಬರೆಯುವುದಿಲ್ಲ, ಹೊರಗೂ ಬರೆಯುವುದಿಲ್ಲ. ಆದರೆ ಡ್ರೈವರ್ ಬಾಟಾ ಆದಾಯಕ್ಕೇ ಸೇರುತ್ತದೆ. ಮುಖ್ಯವಾದದ್ದೇನೆಂದರೆ, ಗಾಡಿ ಕದಲದ ದಿನಕ್ಕೂ ಸಾಲು ಬರೆಯಬೇಕು. ಎರಡೂ ರೀಡಿಂಗ್ ಒಂದೇ, ದುಡ್ಡು ಸೊನ್ನೆ, ಪಕ್ಕದಲ್ಲಿ ಕಾರಣ: ಬಾಡಿಗೆ ಸಿಗಲಿಲ್ಲವೋ, ಗ್ಯಾರೇಜಿನಲ್ಲಿತ್ತೋ, ನಾನೇ ರಜೆ ಮಾಡಿದ್ದೋ. ಡೈರಿ ಇಡುತ್ತೇನೆ ಅನ್ನುವವರೂ ಈ ಸಾಲನ್ನೇ ಬಿಡುತ್ತಾರೆ, ಬ್ಯಾಂಕು ಮಾತ್ರ ಬಿಡುವುದಿಲ್ಲ.

ಖರ್ಚನ್ನು ಎರಡೇ ಅಂಕಿಗೆ ಇಳಿಸಿಕೊಂಡೆ: ಓಡಿದರೆ ಕಿಲೋಮೀಟರಿಗೆಷ್ಟು, ನಿಂತರೂ ದಿನಕ್ಕೆಷ್ಟು.

ಓಡಿದರೆ ಆಗುವ ಖರ್ಚಿನಲ್ಲಿ ಮೊದಲನೆಯದು ಡೀಸೆಲ್. 500 ರೂಪಾಯಿಗೆ, ಸಾವಿರಕ್ಕೆ ಹಾಕಿಸುತ್ತಾ ಹೋದರೆ ಮೈಲೇಜ್ ಯಾವತ್ತೂ ಸಿಗುವುದಿಲ್ಲ. ಒಂದೇ ಬಂಕಿನಲ್ಲಿ, ನಾಝಲ್ ತಾನಾಗಿ ಕಟ್ ಆಗುವವರೆಗೆ ಫುಲ್ ಮಾಡಿಸಬೇಕು, ರೀಡಿಂಗ್ ಬರೆಯಬೇಕು, ಮುಂದಿನ ಫುಲ್‌ಗೆ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಭಾಗಿಸಬೇಕು. ನನ್ನ ಗಾಡಿ ಸೆಡಾನ್. ಒಂದು ಸಲ ಸುಮಾರು 680 ಕಿಲೋಮೀಟರಿಗೆ 38 ಲೀಟರ್ ಹಿಡಿಯಿತು, ಅಂದರೆ ಲೀಟರಿಗೆ 18ರ ಹತ್ತಿರ. ಒಂದು ಸಲದ ಅಂಕಿ ನಂಬಬೇಡಿ, ನಾಲ್ಕೈದು ಫುಲ್ ಸೇರಿಸಿ ತೆಗೆಯಿರಿ. ಲೀಟರಿಗೆ 90 ಅಂತ ಹಿಡಿದರೆ ಕಿಲೋಮೀಟರಿಗೆ 5 ರೂಪಾಯಿ.

ಎರಡನೆಯದು ರಿಪೇರಿ. ಟೈರ್ ಸೆಟ್ಟು 20 ಸಾವಿರ, 40 ಸಾವಿರ ಕಿಲೋಮೀಟರ್ ಬಾಳುತ್ತದೆ, ಅಲ್ಲಿಗೆ 50 ಪೈಸೆ. ಸರ್ವಿಸ್ 10 ಸಾವಿರ ಕಿಲೋಮೀಟರಿಗೊಮ್ಮೆ ಸುಮಾರು 5 ಸಾವಿರ, ಇನ್ನೊಂದು 50 ಪೈಸೆ. ಬ್ರೇಕ್, ಕ್ಲಚ್, ಸಸ್ಪೆನ್ಷನ್, ಬ್ಯಾಟರಿ ಎಲ್ಲ ಸೇರಿ ಮತ್ತೆ 50 ಪೈಸೆ. ಒಟ್ಟು ಒಂದೂವರೆ. ಇದನ್ನು ಕಾಗದದ ಮೇಲೆ ಕಳೆದರೆ ಸಾಲದು. ಪ್ರತಿ ಭಾನುವಾರ ಆ ವಾರದ ಕಿಲೋಮೀಟರಿಗೆ ಒಂದೂವರೆಯಂತೆ ಬೇರೆ ಅಕೌಂಟಿಗೆ ಹಾಕುತ್ತೇನೆ. ಗಾಡಿ 80 ಸಾವಿರ ಕಿಲೋಮೀಟರ್ ದಾಟಿದ ಮೇಲೆ ಕ್ಲಚ್ ಹೋಯಿತು. ಅದೇ ತಿಂಗಳು ಸ್ಟ್ಯಾಂಡಿನಲ್ಲಿ ಇನ್ನೊಬ್ಬನ ಕ್ಲಚ್ಚೂ ಹೋಗಿತ್ತು. ಅವನು ಬಡ್ಡಿಗೆ ತಂದ, ನಾನು ಆ ಅಕೌಂಟಿನಿಂದ ಕೊಟ್ಟು ಮರುದಿನವೇ ಬಾಡಿಗೆಗೆ ಹೋದೆ. ಡೈರಿ ನೋಡಿ ನಗುವುದು ಅವತ್ತಿಗೆ ನಿಂತಿತು.

ಹೀಗೆ ಓಡಿದರೆ ಆರೂವರೆ ರೂಪಾಯಿ. ಇನ್ನು ನಿಂತರೂ ಆಗುವ ಖರ್ಚು. ಕಂತು 14,500. ಹಳದಿ ಬೋರ್ಡಿನ ಇನ್ಶೂರೆನ್ಸ್ ವರ್ಷಕ್ಕೆ 36 ಸಾವಿರದ ಹತ್ತಿರ, ತಿಂಗಳಿಗೆ 3 ಸಾವಿರ. ಪರ್ಮಿಟ್, ಟ್ಯಾಕ್ಸ್, ಎಫ್‌ಸಿಗೆ ತೆಗೆದಿಡುವುದು ಒಂದು ಸಾವಿರ. ವಾಷಿಂಗ್, ಫೋನು ಇನ್ನೊಂದು ಸಾವಿರ. 19,500 ಆಯಿತು. 30ರಿಂದ ಭಾಗಿಸಿದರೆ ದಿನಕ್ಕೆ 650. ಓಡಿದ ದಿನಗಳಿಂದ ಭಾಗಿಸಬೇಡಿ, ಕ್ಯಾಲೆಂಡರಿನ ದಿನಗಳಿಂದ ಭಾಗಿಸಿ.

ಇಲ್ಲಿ ಒಬ್ಬ ಲೆಕ್ಕ ಕಲಿತ ಹುಡುಗ, "ಅಣ್ಣ, ಗಾಡಿ ಬೆಲೆ ಇಳಿಯೋದನ್ನೂ ಸೇರಿಸ್ರಿ" ಅಂದ. ಸೇರಿಸಬಾರದು. ಕಂತಿನ ಅಸಲಿನಲ್ಲಿ ಗಾಡಿಯ ಬೆಲೆಯೇ ಇದೆ, ಎರಡನ್ನೂ ಹಿಡಿದರೆ ಒಂದೇ ದುಡ್ಡನ್ನು ಎರಡು ಸಲ ಕಳೆದಂತೆ. ಗಾಡಿ ಬೆಲೆಯ ಇಳಿತ ಹಿಡಿಯುತ್ತೀರಾದರೆ ಕಂತಿನಲ್ಲಿ ಬಡ್ಡಿ ಮಾತ್ರ ತೆಗೆದುಕೊಳ್ಳಿ. ನಾನು ಕಂತನ್ನೇ ಪೂರ್ತಿ ಹಿಡಿಯುತ್ತೇನೆ, ಯಾಕೆಂದರೆ ತಿಂಗಳಾದರೆ ಕೈಯಿಂದ ಹೋಗುವುದು ಅದೇ.

ಒಂದು ಆಷಾಢದ ತಿಂಗಳು ತೋರಿಸುತ್ತೇನೆ, ಅಂಕಿಗಳು ನೆನಪಿನಿಂದ. ಮದುವೆ ಇಲ್ಲ, ಸ್ಟ್ಯಾಂಡಿನಲ್ಲಿ ಗಾಡಿಗಳ ಸಾಲು. ಗಿರಾಕಿ ಇದ್ದದ್ದು 4,000 ಕಿಲೋಮೀಟರ್, ಮೀಟರ್ ಓಡಿದ್ದು 4,800. 800 ಖಾಲಿ. ಬಾಡಿಗೆ 52 ಸಾವಿರ, ಬಾಟಾ 4 ಸಾವಿರ, ಕಮಿಷನ್ ಹೋದದ್ದು ಎರಡೂವರೆ ಸಾವಿರ. ಕೈಗೆ ಬಂದದ್ದು 53,500. ಓಡಿದ್ದಕ್ಕೆ ಆರೂವರೆಯಂತೆ 31,200 ಹೋಯಿತು. ಉಳಿದ 22,300ರಲ್ಲಿ ನಿಂತ ಖರ್ಚು 19,500 ಕಳೆದರೆ 2,800. ಮೀಟರ್ ಕಿಲೋಮೀಟರಿನಿಂದ ಭಾಗಿಸಿದರೆ 60 ಪೈಸೆಗಿಂತ ಸ್ವಲ್ಪ ಕಡಿಮೆ. ಸ್ಟ್ಯಾಂಡಿನ ಲೆಕ್ಕದ 8 ರೂಪಾಯಿ ಎಲ್ಲಿ, ಇದೆಲ್ಲಿ! ಇನ್ನೊಂದು ರೀತಿ ನೋಡಿ: ಆ ತಿಂಗಳ ಮೊದಲ 4,200 ಕಿಲೋಮೀಟರ್ ನಾನು ಬ್ಯಾಂಕಿಗೆ, ಇನ್ಶೂರೆನ್ಸಿಗೆ ಓಡಿಸಿದ್ದು. ಕೊನೆಯ 600 ಮಾತ್ರ ಮನೆಗೆ.

ದತ್ತ ಜಯಂತಿ ಬರುವ ಡಿಸೆಂಬರಿನಲ್ಲಿ ಗಾಣಗಾಪುರದ ಬಾಡಿಗೆ ತಪ್ಪುವುದಿಲ್ಲ. ಆ ತಿಂಗಳು ಮೀಟರ್ 6,500, ಕೈಗೆ ಬಂದದ್ದು 81 ಸಾವಿರ, ಎಲ್ಲ ಕಳೆದು 19 ಸಾವಿರದ ಮೇಲೆ. ಕಿಲೋಮೀಟರಿಗೆ ಹತ್ತಿರ ಹತ್ತಿರ 3 ರೂಪಾಯಿ. ವರ್ಷಕ್ಕೆ ಹಿಡಿದರೆ ಎರಡರ ಆಸುಪಾಸು. ಗಾಡಿ ಅದೇ, ರೇಟು ಅದೇ. ಖಾಲಿ ಓಟ ಮತ್ತು ನಿಂತ ದಿನ, ಈ ಎರಡರಲ್ಲೇ ಎಲ್ಲ ವ್ಯತ್ಯಾಸ. ಆಷಾಢದ ಆ 800ರಲ್ಲಿ 300 ಖಾಲಿ ಕಿಲೋಮೀಟರ್ ತಪ್ಪಿಸಿದ್ದರೂ ಎರಡು ಸಾವಿರ ಉಳಿಯುತ್ತಿತ್ತು, ಅಂದರೆ ಉಳಿಕೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು.

ಮೊಬೈಲ್ ಶೀಟಿನಲ್ಲಿ ಇಡುವವರಿಗೆ ನಾನು ಬಳಸುವ ಸೂತ್ರ ಇದು. A ತಾರೀಖು, B ಬೆಳಗಿನ ರೀಡಿಂಗ್, C ರಾತ್ರಿಯದು, D ಗಿರಾಕಿ ಇದ್ದ ಕಿಲೋಮೀಟರ್, E ಕೈಗೆ ಬಂದ ದುಡ್ಡು.

```
=(SUM(E2:E32)-6.5*(MAX(C2:C32)-MIN(B2:B32))-650*COUNT(A2:A32))/(MAX(C2:C32)-MIN(B2:B32))
```

ತಾರೀಖುಗಳನ್ನು ಎಣಿಸುವುದರಿಂದ ನಿಂತ ದಿನದ 650 ಕೂಡ ತಾನಾಗಿ ಕಳೆಯುತ್ತದೆ. ತಾರೀಖನ್ನು ಶೀಟು ತಾರೀಖು ಅಂತಲೇ ಗುರುತಿಸುವ ಹಾಗೆ ಬರೆಯಿರಿ, ಇಲ್ಲದಿದ್ದರೆ ಎಣಿಕೆ ಸೊನ್ನೆ ಬಂದು ಲಾಭ ಸುಮ್ನೆ ಉಬ್ಬುತ್ತದೆ. 6.5 ಮತ್ತು 650 ನನ್ನ ಗಾಡಿಯವು, ಅವುಗಳ ಜಾಗದಲ್ಲಿ ನಿಮ್ಮ ಗಾಡಿಯ ಅಂಕಿ ಹಾಕಿ.

ನಡುವೆ ಒಂದು ಬೇಸಿಗೆ ಎಸಿ ಬಗ್ಗೆಯೂ ನೋಡಿದೆ. 42 ಡಿಗ್ರಿ ಬಿಸಿಲಲ್ಲಿ ಎಸಿ ಹಾಕದೆ ಗಿರಾಕಿ ಕೂರುವುದಿಲ್ಲ, ಹಾಗಾಗಿ ಖಾಲಿ ಬರುವಾಗ ಮಾತ್ರ ಆಫ್ ಮಾಡಿ ನೋಡಿದ್ದು. ಹುಮನಾಬಾದ್ ರಸ್ತೆಯಲ್ಲಿ ಲೀಟರಿಗೆ ಒಂದು ಕಿಲೋಮೀಟರ್ ಜಾಸ್ತಿ ಬಂತು ಅಷ್ಟೇ. 95ರ ಬದಲು 70ರಲ್ಲಿ ಬಂದಾಗ ಅದಕ್ಕಿಂತ ಎರಡು ಪಟ್ಟು ಉಳಿಯಿತು. ಈಗ ಖಾಲಿ ಬರುವಾಗ ಎಸಿ ಹಾಕಿಕೊಂಡು ನಿಧಾನವಾಗಿ ಬರುತ್ತೇನೆ.

ಎರಡು ಅಂಕಿ ಬೇರೆ ಇಟ್ಟದ್ದರ ನಿಜವಾದ ಉಪಯೋಗ ಬಾಡಿಗೆ ಒಪ್ಪುವಾಗ. ಒಂದು ಮಧ್ಯಾಹ್ನ ಸೇಡಂಗೆ ಹೋಗಿಬರುವ ಬಾಡಿಗೆ ಬಂತು, ಸುಮಾರು 110 ಕಿಲೋಮೀಟರ್, 9 ರೂಪಾಯಿಯಂತೆ. ಎಲ್ಲರೂ "ಲಾಸ್ ಆಗ್ತದ, ಹೋಗಬ್ಯಾಡ" ಅಂದರು. ಬೇರೆ ಬಾಡಿಗೆ ಇರಲಿಲ್ಲ, ಹೋದೆ. ಆ ದಿನದ 650 ನಾನು ಹೋದರೂ ಹೋಗುತ್ತದೆ, ಕೂತರೂ ಹೋಗುತ್ತದೆ. ಓಡಿದ್ದಕ್ಕೆ ಆರೂವರೆ ಕಳೆದರೆ ಎರಡೂವರೆ ಉಳಿಯಿತು, 275 ರೂಪಾಯಿ. ಕೂತಿದ್ದರೆ ಅದೂ ಇಲ್ಲ. ಆದರೆ ಇದನ್ನೇ ಅಭ್ಯಾಸ ಮಾಡಿಕೊಂಡರೆ ಗಾಡಿ ಮಾರಬೇಕಾಗುತ್ತದೆ. ತಿಂಗಳಿಡೀ 9ಕ್ಕೇ 6,500 ಓಡಿಸಿದರೂ ಬರುವುದು 16 ಸಾವಿರ ಚಿಲ್ಲರೆ, ನಿಂತ ಖರ್ಚೇ 19,500. ಹಾಗಾಗಿ ಮಧ್ಯಾಹ್ನ 12ರವರೆಗೆ 9ಕ್ಕೆ ಒಪ್ಪುವುದಿಲ್ಲ, ಖಾಯಂ ಗಿರಾಕಿಗೆ ಯಾವತ್ತೂ ಆ ರೇಟು ಹೇಳುವುದಿಲ್ಲ.

ಹೈದರಾಬಾದ್ ಡ್ರಾಪ್ ಕೂಡ ಹೀಗೆಯೇ. ಒಂದು ಕಡೆಗೆ 4 ಸಾವಿರ ಸಿಕ್ಕರೆ ಖುಷಿಯಾಗುತ್ತದೆ, ಆದರೆ ಮೀಟರ್ ಓಡುವುದು 440. ಓಡಿದ ಖರ್ಚು 2,860, ದಿನದ್ದು 650, ಉಳಿಕೆ 490. ಅಲ್ಲೇ ರಾತ್ರಿ ನಿಂತು ಮರುದಿನ ವಾಪಸ್ ಬಾಡಿಗೆ 2,500ಕ್ಕೆ ಹಿಡಿದರೆ ಲಾಭವೇ? ಮರುದಿನ ಇಲ್ಲಿ ಎಷ್ಟು ಸಿಗುತ್ತಿತ್ತು ಎಂಬುದರ ಮೇಲೆ ನಿಂತಿದೆ. ಆಷಾಢದಲ್ಲಿ ಕಾಯುತ್ತೇನೆ, ಲಗ್ನದ ದಿನಗಳಲ್ಲಿ ರಾತ್ರಿಯೇ ಹೊರಟುಬಿಡುತ್ತೇನೆ. ವಾಪಸ್ ಬಾಡಿಗೆ ಎಲ್ಲಿ, ಯಾರ ಕಡೆಯಿಂದ ಸಿಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಖಾಲಿ ಕಿಲೋಮೀಟರನ್ನು ಹತ್ತು ಪರ್ಸೆಂಟಿಗಿಂತ ಕೆಳಗೆ ಇಳಿಸಿದ್ದು ಅದರಿಂದಲೇ.

ಈ ಲೆಕ್ಕ ತಾನೇ ಓಡಿಸುವ ಮಾಲೀಕನಿಗೆ. ಡ್ರೈವರ್ ಇಟ್ಟವರು ಸಂಬಳವನ್ನು ದಿನದ ಖರ್ಚಿಗೆ ಸೇರಿಸಿ, ಟ್ರಿಪ್ಪಿಗಿಷ್ಟು ಅಂತ ಕೊಡುವುದಾದರೆ ಆ ಟ್ರಿಪ್ಪಿನ ದುಡ್ಡಿನಲ್ಲೇ ಕಳೆಯಿರಿ. ಸಿಎನ್‌ಜಿ ಗಾಡಿಯವರು ಲೀಟರಿನ ಬದಲು ಕೆಜಿ ಹಿಡಿಯಿರಿ, ಗ್ಯಾಸ್ ತುಂಬಿಸಲು ಹೋಗಿಬರುವ ಓಟವನ್ನು ಖಾಲಿಗೆ ಬರೆಯಿರಿ. ಕಂತು ಮುಗಿದವರ ದಿನದ ಖರ್ಚು 650ರಿಂದ 170ಕ್ಕೆ ಇಳಿಯುತ್ತದೆ. ಅವರು 9 ರೂಪಾಯಿಗೆ ಹೊರಡುವುದು ಈ ಧೈರ್ಯದ ಮೇಲೆ. ಮುಂದಿನ ಗಾಡಿಗೆ ತಿಂಗಳಿಗೆ ಒಂಬತ್ತು ಸಾವಿರವಾದರೂ ಎತ್ತಿಡುತ್ತಿದ್ದೀರಾ ಎಂದು ಕೇಳಿದರೆ, ಇಬ್ಬರು ಮಾತ್ರ ಹೌದು ಅಂದರು.