58 ಮೇಲಾ, 75 ಮೇಲಾ? ಎರಡು ಟೆಸ್ಟ್ ಹೋಲಿಸಿದ ನನ್ನ ಅನುಭವ

ಶಿಡ್ಲಘಟ್ಟದಲ್ಲಿ ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಹೇಳಿಕೊಡುತ್ತೇನೆ. ಬ್ಯಾಚಿನಲ್ಲಿ 40 ಮಕ್ಕಳಿದ್ದಾರೆ. ಒಂದಷ್ಟು ಪಾಠ ಮುಗಿದ ಮೇಲೆ 100 ಅಂಕದ ಟೆಸ್ಟ್ ಇಡುತ್ತೇನೆ. ಫಸ್ಟ್ ಪಿಯುಸಿಯ ಒಬ್ಬ ಹುಡುಗಿಗೆ ಮೊದಲ ಟೆಸ್ಟಿನಲ್ಲಿ 58 ಬಂದಿತ್ತು, ಎರಡನೆಯದರಲ್ಲಿ 75 ಬಂತು. ಅವಳ ಅಪ್ಪ ರೇಷ್ಮೆ ಬೆಳೆಗಾರರು. ಗೂಡು ಮಾರಿ ಹೋಗುವಾಗ ನನ್ನ ಹತ್ತಿರ ಬಂದು, "ಮಗಳು ಸುಧಾರಿಸಿದಾಳೆ ಅಲ್ವಾ ಸಾರ್?" ಎಂದು ಕೇಳಿದರು.

ಹೌದು ಎಂದುಬಿಡುವ ಮೊದಲು ನಾನು ಎರಡೂ ಟೆಸ್ಟಿನ ಸರಾಸರಿ ನೋಡಿದೆ. ಮೊದಲನೆಯದರಲ್ಲಿ 46, ಎರಡನೆಯದರಲ್ಲಿ 59. ಅಂದರೆ ಎರಡನೇ ಪೇಪರ್‌ನಲ್ಲಿ ಇಡೀ ಬ್ಯಾಚಿನ ಸರಾಸರಿಯೇ ಮೇಲೇರಿದೆ. ಇದನ್ನು ಅವರಿಗೆ ಹೇಳುವುದು ಕಷ್ಟವಾಗಲಿಲ್ಲ. ಕೆ.ಜಿ.ಗೆ ಇಷ್ಟು ಸಿಕ್ಕಿತು ಅಂದರೆ ಸಾಲದು, ಆ ದಿನ ಮಾರ್ಕೆಟ್‌ನಲ್ಲಿ ಸರಾಸರಿ ರೇಟ್ ಎಷ್ಟಿತ್ತು ಅಂತಲೂ ನೋಡಬೇಕು ಎಂಬುದು ಗೂಡು ಮಾರುವವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಸರಾಸರಿ ಕಳೆದು ನೋಡಿದರೂ ಹುಡುಗಿ ಮೇಲೇರಿದಂತೆಯೇ ಕಾಣುತ್ತದೆ. ಮೊದಲು ಸರಾಸರಿಗಿಂತ 12 ಹೆಚ್ಚು, ಈಗ 16 ಹೆಚ್ಚು. ಸುಮಾರು ಮೇಷ್ಟ್ರುಗಳು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇನ್ನೊಂದು ಪ್ರಶ್ನೆ ಉಳಿದಿದೆ. ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ? ಇದನ್ನೂ ಸೇರಿಸಿಕೊಂಡು ಹೋಲಿಸುವ ಲೆಕ್ಕಕ್ಕೆ ಝಡ್ ಸ್ಕೋರ್ ಎನ್ನುತ್ತಾರೆ.

ಚದುರುವಿಕೆ ಏಕೆ ಬೇಕು ಎನ್ನುವುದನ್ನು ನಾನು ಐದೇ ಅಂಕ ಬರೆದು ತೋರಿಸುತ್ತೇನೆ. ಒಂದು ಗುಂಪಿನಲ್ಲಿ 40, 44, 46, 48, 52. ಇನ್ನೊಂದರಲ್ಲಿ 22, 38, 46, 54, 70. ಎರಡರ ಸರಾಸರಿಯೂ 46. ಮೊದಲ ಗುಂಪಿನಲ್ಲಿ ಪ್ರತಿ ಅಂಕದಿಂದ 46 ಕಳೆದರೆ −6, −2, 0, 2, 6 ಬರುತ್ತದೆ. ಇವುಗಳ ವರ್ಗ ಕೂಡಿದರೆ 80, ಐದರಿಂದ ಭಾಗಿಸಿದರೆ 16, ಅದರ ವರ್ಗಮೂಲ 4. ಇದೇ ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್. ಎರಡನೇ ಗುಂಪಿಗೆ ಇದೇ ಲೆಕ್ಕ ಮಾಡಿದರೆ 16 ಬರುತ್ತದೆ. 52 ತೆಗೆದವನು ಮೊದಲ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ. ಎರಡನೆಯದರಲ್ಲಿ ಅದೇ 52 ಬಂದರೆ ಅವನು ನಡುವಿನವನು. ಸರಾಸರಿಗಿಂತ 6 ಹೆಚ್ಚು ಎನ್ನುವುದು ಎರಡೂ ಕಡೆ ಒಂದೇ, ಆದರೆ ಆ 6ರ ಬೆಲೆ ಬೇರೆ.

ಝಡ್ ಸ್ಕೋರ್ ಮಾಡುವುದು ಇಷ್ಟೇ: ಸರಾಸರಿಗಿಂತ ಎಷ್ಟು ದೂರ ಎನ್ನುವುದನ್ನು ಆ ಟೆಸ್ಟಿನ ಮಾನಕ ವಿಚಲನೆಯಿಂದ ಭಾಗಿಸುತ್ತದೆ. ನಮ್ಮ ಮೊದಲ ಟೆಸ್ಟ್ ಕಷ್ಟದ್ದು, ಹೆಚ್ಚಿನವರು 40–50ರ ಆಸುಪಾಸಿನಲ್ಲೇ ಇದ್ದರು. ಅಲ್ಲಿ ವಿಚಲನೆ 8. ಎರಡನೆಯದರಲ್ಲಿ 20. ಹಾಗಾಗಿ ಹುಡುಗಿಯ ಲೆಕ್ಕ ಹೀಗಾಯಿತು:

```
(58 - 46) / 8  = 1.5
(75 - 59) / 20 = 0.8
```

ಅಂಕ 17 ಏರಿದೆ, ಸರಾಸರಿಗಿಂತ ಮೇಲಿರುವ ಅಂತರ 4 ಏರಿದೆ, ಆದರೆ ಬ್ಯಾಚಿನಲ್ಲಿ ಅವಳ ಜಾಗ ಕೆಳಗಿಳಿದಿದೆ.

ಇದನ್ನೆಲ್ಲ ನಾನು ಕೈಯಲ್ಲಿ ಮಾಡುವುದಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಅಂಕಗಳು B2ರಿಂದ B41ರವರೆಗೆ ಇರುತ್ತವೆ. ಸರಾಸರಿ B43ರಲ್ಲಿ, ವಿಚಲನೆ B44ರಲ್ಲಿ, ಝಡ್ ಸ್ಕೋರ್ ಪಕ್ಕದ ಕಾಲಂನಲ್ಲಿ.

```
B43: =AVERAGE(B2:B41)
B44: =STDEV.P(B2:B41)
C2:  =IF(ISNUMBER(B2),(B2-B$43)/B$44,"")
```

STDEV.P ಹಾಕುವುದಕ್ಕೆ ಕಾರಣವಿದೆ. ನನ್ನ ಹೋಲಿಕೆ ಈ ಬ್ಯಾಚಿನೊಳಗೇ, ಇದು ಯಾವುದೋ ದೊಡ್ಡ ಗುಂಪಿನ ಸ್ಯಾಂಪಲ್ ಅಲ್ಲ. STDEV.S ಹಾಕಿದರೂ ಇಷ್ಟು ಮಕ್ಕಳಿಗೆ ವ್ಯತ್ಯಾಸ ತೀರಾ ಸಣ್ಣದು. ಎರಡೂ ಟೆಸ್ಟಿಗೆ ಒಂದನ್ನೇ ಬಳಸಿದರೆ ಸಾಕು.

ನಿಜವಾದ ತೊಂದರೆ ಗೈರುಹಾಜರಿಯದ್ದು. ಮೊದಲ ಟೆಸ್ಟಿಗೆ ಇಬ್ಬರು ಬಂದಿರಲಿಲ್ಲ. ಅವರ ಜಾಗದಲ್ಲಿ 0 ಹಾಕಿದರೆ ಏನಾಗುತ್ತದೆ ನೋಡಿ. ಸರಾಸರಿ 46ರಿಂದ 43.7ಕ್ಕೆ ಇಳಿಯುತ್ತದೆ. ಅದು ಅಷ್ಟೇನೂ ಕಣ್ಣಿಗೆ ಬೀಳುವುದಿಲ್ಲ. ಆದರೆ ವಿಚಲನೆ 8ರಿಂದ 12.7ಕ್ಕೆ ಹಾರುತ್ತದೆ, ಏಕೆಂದರೆ ಆ ಎರಡು ಸೊನ್ನೆಗಳು ಸರಾಸರಿಯಿಂದ ಬಹಳ ದೂರ, ಮತ್ತು ನಾವು ದೂರವನ್ನು ವರ್ಗ ಮಾಡುತ್ತೇವೆ. ಹುಡುಗಿಯ 1.5 ಹೋಗಿ 1.13 ಆಗುತ್ತದೆ. ಅವಳ ಪೇಪರ್ ಅದೇ, ಅಂಕವೂ ಅದೇ. ಬರದಿದ್ದ ಇಬ್ಬರು ಅವಳ ಸ್ಕೋರ್ ಬದಲಿಸಿಬಿಟ್ಟರು! ಅದಕ್ಕೆ ಗೈರುಹಾಜರಾದವರ ಜಾಗವನ್ನು ಖಾಲಿ ಬಿಡಬೇಕು, ಇಲ್ಲವೇ AB ಎಂದು ಬರೆಯಬೇಕು. ಮೇಲಿನ AVERAGE, STDEV.P ಎರಡೂ ಅವನ್ನು ಬಿಟ್ಟೇ ಲೆಕ್ಕ ಹಾಕುತ್ತವೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಇಬ್ಬರನ್ನು ಎರಡನೇ ಟೆಸ್ಟಿನ ಲೆಕ್ಕದಿಂದಲೂ ತೆಗೆದೆ. ಮೇಲೆ ಕೊಟ್ಟ ಅಂಕಿಗಳೆಲ್ಲ ಎರಡೂ ಟೆಸ್ಟ್ ಬರೆದ 38 ಮಕ್ಕಳದ್ದು. ಗುಂಪೇ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ.

ಝಡ್ ಸ್ಕೋರ್ ಕೈಗೆ ಬಂದ ತಕ್ಷಣ ಪುಸ್ತಕದ ಹಿಂದಿನ ನಾರ್ಮಲ್ ಟೇಬಲ್ ತೆಗೆಯುವವರಿದ್ದಾರೆ. 0.8ಕ್ಕಿಂತ ಮೇಲೆ ಶೇಕಡಾ 21 ಇರುತ್ತಾರೆ, ಅಂದರೆ 38ರಲ್ಲಿ ಅವಳಿಗಿಂತ ಮುಂದೆ ಸುಮಾರು 8 ಮಕ್ಕಳು ಎಂದು ಅದು ಹೇಳುತ್ತದೆ. ಪಟ್ಟಿ ತೆಗೆದು ಎಣಿಸಿದರೆ 11 ಮಕ್ಕಳಿದ್ದರು. ಕಾರಣ ಅಂಕಗಳ ಪಟ್ಟಿಯಲ್ಲೇ ಕಾಣುತ್ತದೆ. ಒಂದು ಗುಂಪು 40ರ ಆಸುಪಾಸಿನಲ್ಲಿದೆ, ಇನ್ನೊಂದು 77ರ ಆಸುಪಾಸಿನಲ್ಲಿದೆ, ನಡುವೆ ಹೆಚ್ಚು ಜನ ಇಲ್ಲ. ಆ ಟೇಬಲ್ ಮಾಡಿರುವುದು ನಡುವೆ ಒಂದೇ ಗುಡ್ಡೆ ಇರುವ ಅಂಕಗಳಿಗೆ. ಬ್ಯಾಚ್ ಚಿಕ್ಕದಿದ್ದಾಗ ರ‍್ಯಾಂಕ್ ಎಣಿಸಿಬಿಡುವುದೇ ನಂಬಿಕೆಯ ದಾರಿ.

ಈ ಎರಡು ಗುಂಪು ನೋಡಿದ ಮೇಲೆ ನಾನು ಉತ್ತರ ಪತ್ರಿಕೆಗಳನ್ನು ಮತ್ತೆ ತೆರೆದೆ. ಪೇಪರ್‌ನ ಅರ್ಧ ಸುಲಭದ ಪ್ರಶ್ನೆಗಳು, ಇನ್ನರ್ಧ ರೊಟೇಷನಲ್ ಮೋಷನ್ ಲೆಕ್ಕಗಳು. ಮೇಲಿನ ಗುಂಪಿನವರಿಗೆ ಆ ಲೆಕ್ಕಗಳು ಬಂದಿವೆ, ಕೆಳಗಿನವರಿಗೆ ಬಂದಿಲ್ಲ. ನಮ್ಮ ಹುಡುಗಿ ಮೇಲಿನ ಗುಂಪಿನಲ್ಲೇ ಇದ್ದಳು. ಆದರೆ ಅವಳು ಕಳೆದುಕೊಂಡ 25 ಅಂಕಗಳಲ್ಲಿ 18 ಈ ಲೆಕ್ಕಗಳಲ್ಲೇ ಹೋಗಿದ್ದವು. ಸೂತ್ರ ಸರಿಯಾಗಿ ಬರೆದಿದ್ದಳು. ಯಾವ ಅಕ್ಷದ ಸುತ್ತ ತಿರುಗುತ್ತಿದೆ ಎಂದು ನೋಡದೆ ಮೊಮೆಂಟ್ ಆಫ್ ಇನರ್ಷಿಯಾ ಹಾಕಿದ್ದಳು.

"ಹಾಗಾದ್ರೆ ಮಗಳು ಹಿಂದೆ ಬಿದ್ದಳಾ ಸಾರ್?" ಎಂದು ಅವರು ಮತ್ತೆ ಕೇಳಿದರು. ಹಾಗೆ ಹೇಳಲು ಝಡ್ ಸ್ಕೋರ್‌ಗೆ ಬರುವುದಿಲ್ಲ. ಅದು ಹೇಳುವುದು ಜೊತೆಯವರ ನಡುವೆ ಅವಳು ಎಲ್ಲಿದ್ದಾಳೆ ಎಂದು ಮಾತ್ರ. ಎಲ್ಲರೂ ಚೆನ್ನಾಗಿ ಕಲಿತು, ಅವಳೂ ಕಲಿತು, ಉಳಿದವರು ಇನ್ನೂ ಸ್ವಲ್ಪ ಜಾಸ್ತಿ ಕಲಿತರೂ ಸ್ಕೋರ್ ಇಳಿಯುತ್ತದೆ. ಅವಳ ಕಲಿಕೆ ಏರಿತೋ ಇಳಿಯಿತೋ ತಿಳಿಯಬೇಕೆಂದರೆ ಒಂದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಕೊಟ್ಟು ನೋಡಬೇಕು. ಅವರಿಗೆ ಹೇಳಿದ್ದು ಇಷ್ಟೇ: "ಓದು ಬಿಟ್ಟಿಲ್ಲ, ಒಂದು ಪಾಠದ ಲೆಕ್ಕ ಕೂತಿಲ್ಲ. ಅದನ್ನ ನಾನು ಮಾಡಿಸ್ತೀನಿ."

ಪೇಪರ್ ತೀರಾ ಸುಲಭವಾದಾಗಲೂ ಈ ಸ್ಕೋರ್ ಕೈಕೊಡುತ್ತದೆ. ಸರಾಸರಿ 82, ವಿಚಲನೆ 12 ಇದ್ದರೆ 100ಕ್ಕೆ 100 ತೆಗೆದವರಿಗೂ 1.5ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಮೇಲೆ ಹೋಗಲು ಜಾಗವೇ ಇಲ್ಲ. ಹಿಂದಿನ ಟೆಸ್ಟಿನಲ್ಲಿ ಝಡ್ ಸ್ಕೋರ್ 2 ಇದ್ದ ಹುಡುಗ ಪೂರ್ತಿ ಅಂಕ ತೆಗೆದೂ ಇಳಿದಂತೆ ಕಾಣುತ್ತಾನೆ. ಅದಕ್ಕೇ ಈಗ ಪ್ರತಿ ಪೇಪರ್‌ನಲ್ಲೂ ಕೆಲವರಿಗಷ್ಟೇ ಬಿಡಿಸಲು ಬರುವಂಥ ಒಂದೆರಡು ಪ್ರಶ್ನೆ ಇಡುತ್ತೇನೆ. ಮನೆಗೆ ಕಳಿಸುವ ಪಟ್ಟಿಯಲ್ಲಿ ಅಂಕ, ಬ್ಯಾಚಿನ ಸರಾಸರಿ, ರ‍್ಯಾಂಕ್ ಮೂರನ್ನೂ ಬರೆಯುತ್ತೇನೆ. ಝಡ್ ಸ್ಕೋರ್ ನನ್ನ ಶೀಟಿನಲ್ಲಿರುತ್ತದೆ. ಯಾರ ಸ್ಕೋರ್ 0.5ಕ್ಕಿಂತ ಜಾಸ್ತಿ ಜಾರಿದೆಯೋ ಅವರ ಉತ್ತರ ಪತ್ರಿಕೆಯನ್ನು ಮೊದಲು ತೆರೆಯುತ್ತೇನೆ.