ತಿಂಗಳಿಗೊಂದು ಹಾಳೆ: ತೂಕದ ಯಂತ್ರದ ಗಿರಾಕಿಗಳಿಗೆ ನಾನು ಪತ್ರ ಕಳಿಸಿದ ಅನುಭವ

ದಾವಣಗೆರೆಯಲ್ಲಿ ತೂಕದ ಯಂತ್ರ ರಿಪೇರಿ ಮಾಡುತ್ತಾ 22 ವರ್ಷ ಆಯ್ತು. ಕೌಂಟರ್ ಮೇಲಿನ ಸ್ಕೇಲಿನಿಂದ ಹಿಡಿದು ಲಾರಿಯನ್ನೇ ನಿಲ್ಲಿಸಿ ತೂಗುವ 60 ಟನ್ ವೇಬ್ರಿಡ್ಜ್‌ವರೆಗೆ ಎಲ್ಲಾ ಮುಟ್ಟಿದ್ದೇನೆ. ನನ್ನ ಗಿರಾಕಿಗಳು ಅಕ್ಕಿ ಗಿರಣಿಯವರು, ಅಡಿಕೆ ಮಂಡಿಯವರು, ಹಳ್ಳಿ ಸೊಸೈಟಿ ಕಾರ್ಯದರ್ಶಿಗಳು. ಜಾಸ್ತಿ ಜನ ಐವತ್ತು ದಾಟಿದವರು. ಫೇಸ್‌ಬುಕ್ ನೋಡುವುದಿಲ್ಲ. ವಾಟ್ಸಾಪ್ ಇದೆ, ಆದರೆ ಮನೆಯವರ ಫೋಟೋ ಮತ್ತು ಲಾರಿ ನಂಬರಿಗೆ ಮಾತ್ರ. ನಾನು ಹಾಕಿದ ಸ್ಟೇಟಸ್ ನೋಡಿದವರ ಪಟ್ಟಿ ತೆಗೆದರೆ ಬರೀ ನನ್ನ ನೆಂಟರೇ ಇರುತ್ತಿದ್ದರು.

ಹೀಗಾಗಿ ಒಂದು ತೊಂದರೆ ಆಗುತ್ತಿತ್ತು. ನಾನು ಚೆನ್ನಾಗಿ ಕೆಲಸ ಮಾಡಿಕೊಟ್ಟ ಗಿರಣಿಯವರೇ ಎರಡು ವರ್ಷದ ಮೇಲೆ ಯಂತ್ರ ಕೆಟ್ಟಾಗ ಬೇರೆಯವರನ್ನು ಕರೆಸುತ್ತಿದ್ದರು. ಕೇಳಿದರೆ, "ನಿಮ್ಮ ನಂಬರ್ ಸಿಗಲಿಲ್ಲ ಕಣ್ರೀ, ಅವರು ಎದುರಿಗೇ ಸಿಕ್ಕರು" ಅನ್ನೋರು. ಕೋಪ ಮಾಡಿಕೊಳ್ಳುವ ಮಾತಲ್ಲ. ಅವರು ನನ್ನನ್ನು ಬಿಟ್ಟಿರಲಿಲ್ಲ, ಮರೆತಿದ್ದರು ಅಷ್ಟೇ.

ತಿಂಗಳಿಗೊಂದು ಪತ್ರ ಕಳಿಸುತ್ತೇನೆ ಅಂದಾಗ ನಮ್ಮ ಕಸುಬಿನವರೆಲ್ಲಾ ಬೇಡ ಅಂದರು. ಹರಿಹರದ ಗೆಳೆಯ ಒಬ್ಬರು, "ಈ ಕಾಲದಲ್ಲಿ ಯಾರ್ರೀ ಕಾಗದ ಓದ್ತಾರೆ? ಮೇಲಾಗಿ ರಿಪೇರಿ ಗುಟ್ಟು ಬರೆದರೆ ಗಿರಾಕಿ ತಾನೇ ಮಾಡ್ಕೊಳ್ತಾನೆ" ಅಂದಿದ್ದರು. ಈಗ ನಾಲ್ಕನೇ ವರ್ಷ ನಡೆಯುತ್ತಿದೆ. ಅದೇ ಗೆಳೆಯರ ಹೆಸರು ನನ್ನ ಪಟ್ಟಿಯಲ್ಲಿದೆ, ತಮಗೆ ಆಗದ ವೇಬ್ರಿಡ್ಜ್ ಕೆಲಸವನ್ನು ನನಗೇ ಕಳಿಸುತ್ತಾರೆ.

ಮೊದಲ ವರ್ಷ ದುಡ್ಡು ಸುಟ್ಟೆ. ನಾಲ್ಕು ಪುಟ, ಬಣ್ಣದ ಮುದ್ರಣ, ಮುಂದೆ ನನ್ನ ಅಂಗಡಿಯ ಫೋಟೋ. 300 ಪ್ರತಿಗೆ ಪ್ರೆಸ್ಸಿನಲ್ಲಿ ಐದು ಸಾವಿರದ ಮೇಲಾಯ್ತು, ಲಕೋಟೆ ಅಂಚೆ ಬೇರೆ. ಎರಡು ಸಂಚಿಕೆ ಹೊರಬರುವಷ್ಟರಲ್ಲಿ ಹದಿನಾಲ್ಕು ಸಾವಿರ ಹೋಯ್ತು. ಬಂದ ಫೋನ್ ಒಂದು, ಅದೂ ಯಂತ್ರ ಮಾರುವವರದ್ದು. ಮಂಡಿಯೊಂದಕ್ಕೆ ಹೋದಾಗ ನನ್ನ ಪತ್ರ ಮದುವೆ ಕಾರ್ಡುಗಳ ಕಟ್ಟಿನಲ್ಲಿ ಸೇರಿತ್ತು. ನುಣುಪು ಕಾಗದ ನೋಡಿ ಜಾಹೀರಾತು ಅಂತ ತಿಳಿದು ಒಡೆದೇ ಇರಲಿಲ್ಲ.

ಆಮೇಲೆ ಇಮೇಲ್ ಹಿಡಿದೆ. ಅಲ್ಲೂ ಪೆಟ್ಟು ಬಿತ್ತು. ನಾನು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡುವವನು. ಅದನ್ನೇ ಕಾಪಿ ಮಾಡಿ ಮೇಲ್‌ಗೆ ಅಂಟಿಸಿದೆ. ನನ್ನ ವರ್ಡ್ ಫೈಲಿನಲ್ಲಿ "ಕನ್ನಡ" ಅಂತ ಚೆನ್ನಾಗಿ ಕಂಡದ್ದು ಅವರಿಗೆ `PÀ£ÀßqÀ` ಅಂತ ಹೋಯ್ತು. ಪತ್ರ ಪೂರ್ತಿ ಹಾಗೇ. ವೈರಸ್ ಇರಬೇಕು ಅಂತ ಮೂರು ಜನ ಅಳಿಸಿಹಾಕಿದರಂತೆ. ಯೂನಿಕೋಡ್‌ಗೆ ಬದಲಿಸಿಕೊಂಡ ಮೇಲೆಯೇ ಅದು ಸರಿ ಹೋಗಿದ್ದು. ಈಗ ಕಳಿಸುವ ಮುಂಚೆ ನುಡಿ ಇಲ್ಲದ ಒಂದು ಮೊಬೈಲಿನಲ್ಲಿ ತೆರೆದು ನೋಡದೆ ಬಿಡುವುದಿಲ್ಲ.

ಎರಡನೇ ಪೆಟ್ಟು ವಿಳಾಸದ್ದು. ಬಿಲ್ಲುಗಳ ಮೇಲಿದ್ದ ಇಮೇಲ್‌ಗಳನ್ನು ಕೂಡಿಸಿ 140 ಮಾಡಿದ್ದೆ. ಅದರಲ್ಲಿ ಮೂವತ್ತರ ಹತ್ತಿರ ಗಿರಣಿಯವರದ್ದೇ ಅಲ್ಲ, ಅವರ ಜಿಎಸ್‌ಟಿ ಕೆಲಸ ನೋಡುವ ಕನ್ಸಲ್ಟೆಂಟರದ್ದು! ಒಬ್ಬ ಕನ್ಸಲ್ಟೆಂಟರಿಗೆ ಒಂದೇ ಪತ್ರ ಆರು ಸಲ ಹೋಗಿದೆ. ಅವರು ಸ್ಪ್ಯಾಮ್ ಅಂತ ಒತ್ತಿದರು, ಒತ್ತಲೇಬೇಕಲ್ವಾ. ಅದಾದ ಮೇಲೆ ಉಳಿದವರಿಗೆ ಹೋಗುವ ಮೇಲ್ ಕೂಡ ಸ್ಪ್ಯಾಮಿಗೆ ಬೀಳಲು ಶುರುವಾಯ್ತು. ತಮ್ಮನ ಮಗ ಅಂಗಡಿ ಹೆಸರಿನ ಡೊಮೇನ್ ತೆಗೆಸಿ, ಅದರ ಡಿಎನ್‌ಎಸ್‌ನಲ್ಲಿ ಈ ಎಸ್‌ಪಿಎಫ್ ಸಾಲು ಹಾಕಿಕೊಟ್ಟ. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅನುಮತಿ ಇದೆ ಅಂತ ಹೇಳುವ ಸಾಲು ಅದು:

```
v=spf1 include:_spf.google.com ~all
```

ಆದರೂ ಸ್ಪ್ಯಾಮಿಗೇ ಹೋಗುತ್ತಿತ್ತು. ನೋಡಿದರೆ ಹೋಸ್ಟಿಂಗ್‌ನವರು ಮೊದಲೇ ಒಂದು ಎಸ್‌ಪಿಎಫ್ ಸಾಲು ಹಾಕಿಟ್ಟಿದ್ದರು. ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಸಾಲು ಇದ್ದರೆ ಪರೀಕ್ಷೆಯೇ ಫೇಲ್. ಹಳೆಯದನ್ನು ತೆಗೆದು, ಮೇಲ್ ನಮ್ಮದೇ ಅಂತ ಸಹಿ ಹಾಕುವ ಡಿಕೆಐಎಂ ಆನ್ ಮಾಡಿ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೆಸರು ಹಾಕಿ ಕಳಿಸಿದ ಮೇಲೆ ದಾರಿಗೆ ಬಂತು. ಮೊದಲ ಮೇಲ್‌ಗೆ "ತಲುಪಿತು" ಅಂತ ಒಂದು ಮಾತು ಉತ್ತರ ಬರೆಯಿರಿ ಅಂತ ಫೋನಿನಲ್ಲೇ ಕೇಳಿಕೊಂಡೆ. ಉತ್ತರ ಬಂದ ವಿಳಾಸಕ್ಕೆ ಆಮೇಲೆ ತೊಂದರೆ ಆಗಿಲ್ಲ.

ಇಷ್ಟಾದರೂ ಕೆಲಸ ತಂದುಕೊಟ್ಟದ್ದು ಮಾತ್ರ ಕಾಗದ. ಅದು ಯಾಕೆ ಅಂತ ಗೊತ್ತಾದದ್ದು ಒಂದು ಗಿರಣಿಯ ಕಾಟಾ ರೂಮಿನಲ್ಲಿ. ಯಜಮಾನರು ನನ್ನ ಪತ್ರ ನೋಡಿಯೇ ಇರಲಿಲ್ಲ. ಅವರ ಗುಮಾಸ್ತರು ಅದನ್ನು ತೂಕ ತೋರಿಸುವ ಇಂಡಿಕೇಟರ್ ಪಕ್ಕದ ಗೋಡೆಗೆ ಅಂಟಿಸಿದ್ದರು. ಯಂತ್ರ ತಪ್ಪು ತೋರಿಸಿದರೆ ಬೈಸಿಕೊಳ್ಳುವವರು ಗುಮಾಸ್ತರು. ಮೆಕ್ಯಾನಿಕ್‌ಗೆ ಫೋನ್ ಹಚ್ಚುವವರೂ ಅವರೇ. ನಾನು ಇಷ್ಟು ದಿನ ಯಜಮಾನರಿಗೆ ಬರೆಯುತ್ತಿದ್ದೆ. ಅವತ್ತಿನಿಂದ ಗುಮಾಸ್ತರಿಗೆ ಬರೆದೆ, ಲಕೋಟೆ ಮೇಲೆ ಅವರ ಹೆಸರನ್ನೇ ಹಾಕಿದೆ. ಪತ್ರ ಒಡೆಯುವುದು ಜಾಸ್ತಿ ಆಯ್ತು.

ಈಗಿನ ರೂಪ ಹೀಗಿದೆ. ಒಂದೇ ಎ4 ಹಾಳೆ, ಕಪ್ಪು ಬಿಳುಪು. ಮುಂದಿನ ಬದಿಯಲ್ಲಿ ಆ ತಿಂಗಳು ನಾನು ಕಂಡ ಒಂದೇ ಒಂದು ಕೇಸು. ಹಿಂದಿನ ಬದಿಯಲ್ಲಿ ಬರೆದುಕೊಳ್ಳಲು ಗೆರೆ ಹಾಕಿದ ಒಂದು ಪಟ್ಟಿ, ಕೆಳಗೆ ನನ್ನ ನಂಬರ್ ದಪ್ಪಕ್ಷರದಲ್ಲಿ. 80 ಜಿಎಸ್‌ಎಂ ಎ4 ಹಾಳೆ 5 ಗ್ರಾಂ ತೂಗುತ್ತದೆ. ಲಕೋಟೆ ಸೇರಿದರೂ 20 ಗ್ರಾಂ ಒಳಗೇ, ಅಂದರೆ 5 ರೂಪಾಯಿ ಸ್ಟ್ಯಾಂಪು ಸಾಕು. ಪ್ರಿಂಟು, ಲಕೋಟೆ ಸೇರಿ ಒಂದಕ್ಕೆ ಏಳೂವರೆ ರೂಪಾಯಿ ಬೀಳುತ್ತದೆ. 180 ಜನಕ್ಕೆ ಅಂದರೆ ತಿಂಗಳಿಗೆ 1,350 ರೂಪಾಯಿ. ಇಮೇಲಿನಲ್ಲಿ ಅದೇ ಹಾಳೆ ಸುಮಾರು ನೂರು ಜನಕ್ಕೆ ಹೋಗುತ್ತದೆ. ಜಾಸ್ತಿ ನಮ್ಮ ಕಸುಬಿನವರು, ದೂರದ ಊರಿನವರು.

ಅಂಚೆಗೆ ಹಾಕುವ ದಿನ ತಿಂಗಳ 12. ಅದಕ್ಕೂ ಕಾರಣ ಇದೆ. ಗುಮಾಸ್ತರಿಗೆ 11ರವರೆಗೆ ಜಿಎಸ್‌ಟಿಆರ್-1 ರಿಟರ್ನಿನ ತಲೆನೋವು, 20ಕ್ಕೆ ಜಿಎಸ್‌ಟಿಆರ್-3ಬಿ ತಲೆನೋವು. ನಡುವೆ ನಾಲ್ಕೈದು ದಿನ ಉಸಿರು ಬಿಡುತ್ತಾರೆ. ಪತ್ರ 14, 15ಕ್ಕೆ ಟೇಬಲ್ ಮೇಲಿರಬೇಕು. ತಿಂಗಳ ಮೊದಲ ವಾರ ಕಳಿಸಿದ ಸಂಚಿಕೆಗಳಿಗೆ ಬಂದ ಫೋನಿಗಿಂತ ಈಗ ಎರಡರಷ್ಟು ಬರುತ್ತವೆ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಹೋದ ವರ್ಷದ ಜೂನ್ ಸಂಚಿಕೆ. ಅದನ್ನು ಬಿಡಿಸಿ ಹೇಳುತ್ತೇನೆ. ಹರಿಹರದ ಕಡೆಯ ಒಂದು ಗಿರಣಿ, 60 ಟನ್ ವೇಬ್ರಿಡ್ಜ್, 10 ಕೆ.ಜಿ. ಡಿವಿಷನ್, ಅಂದರೆ ತೂಕ ಹತ್ತು ಹತ್ತು ಕೆ.ಜಿ. ಲೆಕ್ಕದಲ್ಲೇ ತೋರಿಸುತ್ತದೆ. ಬೆಳಗ್ಗೆ ಖಾಲಿ ಪ್ಲಾಟ್‌ಫಾರಂ 30, 40 ಕೆ.ಜಿ. ತೋರಿಸುತ್ತಿತ್ತು. ಹನ್ನೊಂದು ಗಂಟೆಗೆ ತಾನೇ ಸೊನ್ನೆಗೆ ಬರುತ್ತಿತ್ತು. ಇಂಡಿಕೇಟರ್ ಹೋಗಿದೆ, ಹೊಸದು ಹಾಕಿ ಅಂತ ಬೇರೆ ಯಾರೋ ಹೇಳಿ ಹೋಗಿದ್ದರಂತೆ. ನಾನು ನೋಡಿದಾಗ, ಪ್ಲಾಟ್‌ಫಾರಂ ಕೆಳಗೆ ಭಾರ ಅಳೆಯುವ ಲೋಡ್‌ಸೆಲ್‌ಗಳ ವೈರು ಸೇರುವ ಜಂಕ್ಷನ್ ಬಾಕ್ಸಿನಲ್ಲಿ, ಕೇಬಲ್ ಒಳಹೋಗುವ ಬಾಯಿ ಬಿಗಿಯುವ ಗ್ಲ್ಯಾಂಡ್ ಸಡಿಲ ಇತ್ತು, ಒಳಗೆ ಮಳೆಯ ತೇವ. ಒಣಗಿಸಿ, ಗ್ಲ್ಯಾಂಡ್ ಬಿಗಿ ಮಾಡಿ, ಸಿಲಿಕಾ ಜೆಲ್ ಚೀಲ ಹಾಕಿ ಮುಚ್ಚಿದೆ.

ಪತ್ರದಲ್ಲಿ ಇದನ್ನು ಹತ್ತು ಹನ್ನೆರಡು ಸಾಲಲ್ಲಿ ಬರೆದೆ, ಗಿರಣಿಯ ಹೆಸರು ಹಾಕಲಿಲ್ಲ. ಹಿಂದಿನ ಬದಿಗೆ ಪಟ್ಟಿ: ಮೂರು ದಿನ, ಬೆಳಗ್ಗೆ 7, ಮಧ್ಯಾಹ್ನ 11, ಸಂಜೆ 3ಕ್ಕೆ ಖಾಲಿ ಪ್ಲಾಟ್‌ಫಾರಂ ಎಷ್ಟು ತೋರಿಸುತ್ತೆ ಬರೆಯಿರಿ. ಬಿಸಿಲೇರಿದಂತೆ ಸರಿಹೋದರೆ ತೇವದ ಗುಮಾನಿ. ಅದರ ಕೆಳಗೆ ಇನ್ನೊಂದು: ತುಂಬಿದ ಟ್ರ್ಯಾಕ್ಟರನ್ನು ಪ್ಲಾಟ್‌ಫಾರಂನ ಒಂದು ತುದಿ, ನಡುವೆ, ಇನ್ನೊಂದು ತುದಿ ಹೀಗೆ ಮೂರು ಕಡೆ ನಿಲ್ಲಿಸಿ ತೂಕ ಬರೆಯಿರಿ. ಮೂರರ ನಡುವೆ ಒಂದೆರಡು ಡಿವಿಷನ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಲೋಡ್‌ಸೆಲ್ ನೋಡಿಸಬೇಕು, ಇಲ್ಲವೇ ಪ್ಲಾಟ್‌ಫಾರಂ ಮತ್ತು ಗುಂಡಿಯ ಗೋಡೆ ನಡುವೆ ಕಲ್ಲು ಮಣ್ಣು ಸಿಕ್ಕಿಕೊಂಡಿದೆ.

ಎರಡು ವಾರದಲ್ಲಿ ಹನ್ನೊಂದು ಫೋನ್ ಬಂದವು. ಏಳು ಕಡೆ ಹೋದೆ. ಹೋಗಿ ಬಂದ ಚಾರ್ಜು, ಕೆಲಸ ಸೇರಿ ಹದಿನೈದು ಸಾವಿರದ ಹತ್ತಿರ ಆಯ್ತು. ಎರಡು ಕಡೆ ವರ್ಷದ ಕಾಂಟ್ರಾಕ್ಟೂ ಕೊಟ್ಟರು. ಗುಮಾಸ್ತರು ಫೋನಿನಲ್ಲೇ ಪಟ್ಟಿ ಓದಿ ಹೇಳುತ್ತಿದ್ದರು, "ಬೆಳಗ್ಗೆ ನಲವತ್ತು, ಹನ್ನೊಂದಕ್ಕೆ ಹತ್ತು, ಮೂರಕ್ಕೆ ಸೊನ್ನೆ ಸಾರ್" ಅಂತ. ಯಾವ ಸಾಮಾನು ಒಯ್ಯಬೇಕು ಅಂತ ಮನೆಯಲ್ಲೇ ಗೊತ್ತಾಗುತ್ತಿತ್ತು. ಒಂದು ಸಲದ ಓಡಾಟ ಉಳಿಯಿತು.

ಗಿರಾಕಿ ತಾನೇ ರಿಪೇರಿ ಮಾಡಿಕೊಳ್ಳುತ್ತಾನೆ ಅನ್ನುವ ಭಯಕ್ಕೂ ಇದೇ ಉತ್ತರ. ನಾನು ನೋಡುವುದನ್ನು, ಬರೆಯುವುದನ್ನು ಕಲಿಸುತ್ತೇನೆ, ಬಿಚ್ಚುವುದನ್ನು ಅಲ್ಲ. ಸೀಲ್ ಮುಟ್ಟಿದರೆ ಮತ್ತೆ ಸ್ಟ್ಯಾಂಪಿಂಗ್, ಅಂದರೆ ಕಾನೂನು ಮಾಪನ ಇಲಾಖೆಯ ಪರೀಕ್ಷೆ ಮತ್ತು ಮುದ್ರೆ, ಆಗಬೇಕು, ಆ ಕೆಲಸಕ್ಕೆ ಲೈಸೆನ್ಸ್ ಇರುವವರೇ ಬೇಕು ಅಂತ ಪ್ರತಿ ಹಾಳೆಯಲ್ಲೂ ಒಂದು ಸಾಲು ಇರುತ್ತದೆ. ಒಂದು ಸಲ ಗಡಿ ದಾಟಿ ಇಂಡಿಕೇಟರ್ ಸೆಟ್ಟಿಂಗ್ ಬಗ್ಗೆ ಬರೆದಿದ್ದೆ. ಒಬ್ಬರು ಒತ್ತಿ ನೋಡಿ ಸೊನ್ನೆಯನ್ನೇ ಕಳೆದುಕೊಂಡರು. ನಾನೇ ಹೋಗಿ ದುಡ್ಡಿಲ್ಲದೆ ಸರಿ ಮಾಡಿಕೊಟ್ಟೆ. ಆಮೇಲೆ ಆ ವಿಷಯ ಬರೆದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅಡಿಕೆ ಧಾರಣೆ ಹಾಕಿದೆ. ಮಂಡಿಯವರಿಗೆ ಧಾರಣೆ ನನಗಿಂತ ಮೊದಲು ಗೊತ್ತಿರುತ್ತದೆ, ಪತ್ರ ತಲುಪುವಷ್ಟರಲ್ಲಿ ಅದು ಬದಲಾಗಿರುತ್ತದೆ. ಎರಡೇ ತಿಂಗಳಿಗೆ ಬಿಟ್ಟೆ. ಆದರೆ ಪೋಸ್ಟ್‌ಕಾರ್ಡ್ ಪ್ರಯೋಗ ಗೆದ್ದಿತು. ಎಲೆಕ್ಟ್ರಾನಿಕ್ ಯಂತ್ರಕ್ಕೆ ವರ್ಷಕ್ಕೊಮ್ಮೆ ಸ್ಟ್ಯಾಂಪಿಂಗ್ ಆಗಬೇಕಲ್ವಾ. ಸೀಲಿನ ಮೇಲಿನ ಎ, ಬಿ, ಸಿ, ಡಿ ಅಕ್ಷರ ನೋಡಿ ಯಾರದ್ದು ಯಾವ ಮೂರು ತಿಂಗಳಲ್ಲಿ ಮುಗಿಯುತ್ತದೆ ಅಂತ ನನ್ನ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇನೆ. ಅವಧಿ ಹತ್ತಿರ ಬಂದವರಿಗೆ 50 ಪೈಸೆಯ ಕಾರ್ಡಿನಲ್ಲಿ ಕೈಬರಹದಲ್ಲೇ ಮೂರು ಸಾಲು ಬರೆದು ಹಾಕುತ್ತೇನೆ. ಕೈಬರಹ ಯಾಕೆಂದರೆ, ಅಚ್ಚು ಹಾಕಿಸಿದರೆ ಪ್ರಿಂಟೆಡ್ ಕಾರ್ಡಿನ ದರ 6 ರೂಪಾಯಿ ಆಗುತ್ತದೆ. ಮೊದಲ ಸಲ 40 ಕಾರ್ಡ್ ಬರೆದೆ, ಇಪ್ಪತ್ತೈದರ ಮೇಲೆ ಜನ ಫೋನ್ ಮಾಡಿದರು. 20 ರೂಪಾಯಿ ಖರ್ಚಿಗೆ ಅಷ್ಟು!

ಲಕೋಟೆಯ ಎಡಮೂಲೆಯಲ್ಲಿ ಒಂದು ಮಾತು ಕೈಯಲ್ಲಿ ಬರೆಯುತ್ತೇನೆ. ಅದನ್ನು ನೋಡಿದರೆ ಯಾರೂ ಒಡೆಯದೆ ಇಡುವುದಿಲ್ಲ. ಏನು ಅಂತ ಇಲ್ಲಿ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಹೊಸ ಗುಮಾಸ್ತರ ಹೆಸರುಗಳನ್ನು ಎಲ್ಲಿಂದ ಸಂಪಾದಿಸುತ್ತೇನೆ ಅನ್ನುವುದೂ ಅಷ್ಟೇ.

ಲೆಕ್ಕ ಇಡುವುದಕ್ಕೆ ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಕಾಲಂ ಹಾಕಿಕೊಂಡಿದ್ದೇನೆ: ಹೇಗೆ ನೆನಪಾಯ್ತು? ಯಾರೇ ಫೋನ್ ಮಾಡಲಿ ಕೇಳುತ್ತೇನೆ. ಹೋದ ವರ್ಷ ಪತ್ರದ ಖರ್ಚು ಹದಿನಾರು ಸಾವಿರ ಚಿಲ್ಲರೆ ಆಯ್ತು. "ಪತ್ರ" ಅಂತ ಬರೆದ ಕೆಲಸಗಳಿಂದ ಒಂದು ಲಕ್ಷ ಹತ್ತು ಸಾವಿರದ ಹತ್ತಿರ ಬಂತು, ಹೊಸ ಯಂತ್ರದ ಮಾರಾಟ ಬಿಟ್ಟು. ಎಲ್ಲಾ ತಿಂಗಳೂ ಒಂದೇ ಥರ ಇರುವುದಿಲ್ಲ. ಭತ್ತದ ಸುಗ್ಗಿಯಲ್ಲಿ ಯಾರೂ ಓದುವುದಿಲ್ಲ, ಆಗ ಹಾಳೆಯಲ್ಲಿ ಪಟ್ಟಿ ಮತ್ತು ನಂಬರ್ ಮಾತ್ರ ಇರುತ್ತದೆ.

ವಾಪಸ್ ಬಂದ ಲಕೋಟೆಗಳನ್ನು ಎಸೆಯಬೇಡಿ. ನನಗೆ ತಿಂಗಳಿಗೆ ಮೂರೋ ನಾಲ್ಕೋ ಬರುತ್ತವೆ. ಅವತ್ತೇ ಆ ಅಂಗಡಿಗೆ ಫೋನ್ ಮಾಡುತ್ತೇನೆ. ಗುಮಾಸ್ತರು ಕೆಲಸ ಬಿಟ್ಟಿರುತ್ತಾರೆ, ಇಲ್ಲವೇ ಗಿರಣಿ ಕೈ ಬದಲಾಗಿರುತ್ತದೆ. ಹೊಸಬರ ಹೆಸರು ಸಿಗುತ್ತದೆ, ಹಳಬರು ಎಲ್ಲಿಗೆ ಹೋದರು ಅನ್ನುವುದೂ ಸಿಗುತ್ತದೆ. ಹಾಗೆ ಬೇರೆ ಗಿರಣಿ ಸೇರಿಕೊಂಡ ಒಬ್ಬ ಗುಮಾಸ್ತರು ಅಲ್ಲಿನ ವೇಬ್ರಿಡ್ಜ್ ಕೆಲಸ ನನಗೇ ಕೊಡಿಸಿದರು. ಮುಂದಿನ 12ಕ್ಕೆ ಅಂಚೆಗೆ ಹಾಕುವ ಹಾಳೆಯಲ್ಲಿ ಅವರ ಕೇಸೇ ಇದೆ: ಇಲಿ ಕಡಿದ ಲೋಡ್‌ಸೆಲ್ ಕೇಬಲ್.