ಎಟಿಎಂ ದುಡ್ಡು ತಡವಾಗಿ ವಾಪಸ್ ಬಂದರೆ ದಿನಕ್ಕೆ 100 ರೂಪಾಯಿ ಕೇಳಿ

ಮಾರ್ಚ್ 3ರಂದು ನಾನು ಎಟಿಎಂನಲ್ಲಿ 10,000 ರೂಪಾಯಿ ತೆಗೆಯಲು ಹೋದೆ. ನೋಟು ಬರಲಿಲ್ಲ, ಖಾತೆಯಿಂದ ಮಾತ್ರ ಹಣ ಕಡಿತವಾಯಿತು. ವಾಪಸ್ ಬಂದಿದ್ದು 20ಕ್ಕೆ.

ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಇಂಥ ಹಣವನ್ನು ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಹಾಕಬೇಕು. ಅಂದರೆ ನನಗೆ 8ರೊಳಗೆ ಬರಬೇಕಿತ್ತು. ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. 12 ದಿನ ತಡ, ಹಾಗಾಗಿ 1,200 ರೂಪಾಯಿ. ನಾವು ಕೇಳದೆಯೇ ಬ್ಯಾಂಕ್ ಇದನ್ನು ಕೊಡಬೇಕು, ಆದರೆ ನನಗೆ ಅಸಲು ಮಾತ್ರ ಬಂತು.

ಎಟಿಎಂ ಯಾರದ್ದೇ ಇರಲಿ, ದೂರು ಕೊಡಬೇಕಾದದ್ದು ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಸುಮ್ನೆ ಫೋನಲ್ಲಿ ಹೇಳಿ ಬಿಡಬೇಡಿ. ಇಮೇಲ್‌ನಲ್ಲಿ ವಹಿವಾಟಿನ ದಿನ, ಹಣ ಬಂದ ದಿನ, ಪರಿಹಾರದ ಲೆಕ್ಕ ಬರೆಯಿರಿ. ದೂರಿನ ಸಂಖ್ಯೆ ಜೋಪಾನ.

30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ತಡಮಾಡದೆ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಡ. ಬ್ಯಾಂಕಿಗೆ ಮೊದಲು ಬರೆದ ದೂರಿನ ಪ್ರತಿ ಮತ್ತು ಸ್ಟೇಟ್‌ಮೆಂಟ್ ಲಗತ್ತಿಸಿ. ನೇರವಾಗಿ ಇಲ್ಲಿಗೇ ಹೋದರೆ ದೂರು ತಿರಸ್ಕಾರವಾಗುತ್ತದೆ.